ಫಲಾಹಾರ ಊಟವಲ್ಲ

ನೆರೂಳ ಸ್ಟೇಷನ್ನಿನ ಹತ್ತಿರದ ತಮ್ಮ ಹೋಟೆಲಿನಲ್ಲಿ ಲೀಲಾಧರ ದೇವಾಡಿಗರು ದುಡ್ಡೆಣಿಸುವ ಗಲ್ಲೆಯ ಮೇಲೆ ಕೂತರೆಂದರೆ ಅದು ಕೂರುವುದಲ್ಲ, ಪಟ್ಟಾಭಿಷೇಕ. ಮೊದಲು ಕುರ್ಚಿ ಒಮ್ಮೆ ನರಳುತ್ತಿತ್ತು. ಆಮೇಲೆ ಹೊಟ್ಟೆ ಮೇಜಿನ ಅಂಚಿಗೆ ಬಂದು ತಾಗಿ ತನ್ನ ಜಾಗ ಹಿಡಿಯುತ್ತಿತ್ತು. ಅದರ ಹಿಂದಿನಿಂದ ದೇವಾಡಿಗರ ಮುಖ ಉದಯಿಸುತ್ತಿತ್ತು. ಗಿರಾಕಿಗಳು ಆ ಹೊಟ್ಟೆಯನ್ನು ನೋಡಿಯೇ ಅಡುಗೆ ಚೆನ್ನಾಗಿದೆಯೆಂದು ನಂಬಿ ಒಳಗೆ ಬರುತ್ತಿದ್ದರು. ಬೋರ್ಡಿಗೆ ಬಣ್ಣ ಹೊಡೆಸುವ ಖರ್ಚು ಉಳಿಯಿತು ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಇಂಥ ಸಾಮ್ರಾಜ್ಯದ ಮೇಲೆ ಯುದ್ಧ ಸಾರಿದವರು ಒಬ್ಬ ಡಾಕ್ಟರು. ಕಾರಣ, ದೇವಾಡಿಗರ ಹೆಂಡತಿ ನಳಿನಾಕ್ಷಿಯವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಗಂಡನ ರಕ್ತದ ಗುಂಪು ಹೊಂದಿತು, ಮುಂದಿನ ಪರೀಕ್ಷೆಗಳೂ ಹೊಂದಿದವು. ಮದುವೆಯಾಗಿ ಇಪ್ಪತ್ತೈದು ವರ್ಷ ಯಾವ ವಿಷಯದಲ್ಲೂ ಹೊಂದದ ಇಬ್ಬರು ಕೊನೆಗೂ ರಕ್ತದಲ್ಲಿ ಹೊಂದಿದರಲ್ಲ ಎಂದು ದೇವಾಡಿಗರು ಆಸ್ಪತ್ರೆಯಲ್ಲೇ ಬೀಗಿದರು. ಒಂದು ಕಿಡ್ನಿ ಈಗಲೇ ತೆಗೆದುಕೊಳ್ಳಿ ಎಂದು ಅಂಗಿಯ ಗುಂಡಿಗೆ ಕೈ ಹಾಕಿದರು.

ಡಾಕ್ಟರು ತಕ್ಕಡಿ ತೋರಿಸಿದರು. ತೊಂಬತ್ತೆಂಟು ಕಿಲೋ. ಇಷ್ಟು ಭಾರದ ಮನುಷ್ಯನಿಗೆ ಆಪರೇಷನ್ ಅಪಾಯ, ಉಳಿದ ಒಂದೇ ಕಿಡ್ನಿಯ ಮೇಲೆ ಮುಂದೆ ಹೊರೆಯೂ ಹೆಚ್ಚು. ಎಂಬತ್ತೆರಡಕ್ಕೆ ಇಳಿದು ಬನ್ನಿ, ಆದರೆ ನಿಧಾನವಾಗಿ ಇಳಿಯಿರಿ ಎಂದರು.

ಮನೆಗೆ ಬಂದು ನಳಿನಾಕ್ಷಿ ನಕ್ಕರು. ತುಳುವರಲ್ಲಿ ಸತ್ತವರ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. "ನೋಡಿ ಮಾರಾಯ್ರೆ, ನಿಮ್ಮ ಬೊಜ್ಜು ಕರಗದಿದ್ರೆ ನನ್ನ ಬೊಜ್ಜ ಆಗ್ತದೆ. ಯಾವುದು ಬೇಕು ನೀವೇ ಹೇಳಿ."

"ಬಾಯಿ ಮುಚ್ಚು. ಎಂತ ಮಾತು ಅದು!"

ಗಣಪತಿ ಹಬ್ಬ ಮುಗಿದ ವಾರ ದೇವಾಡಿಗರು ಆಹಾರ ತಜ್ಞೆ ಪ್ರೇಕ್ಷಾಳ ಮುಂದೆ ಕೂತರು. ಹುಡುಗಿಯ ಅಜ್ಜ ಕಾರ್ಕಳದ ಕಡೆಯವರು. ಅವಳು ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಬರುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಯ ಗಾಡಿ ಹತ್ತುತ್ತಿತ್ತು.

"ಅಂಕಲ್, ಸಿಂಪಲ್ ಹೈ. ಶರೀರ ದಿನಕ್ಕೆ ಎಷ್ಟು ಖರ್ಚು ಮಾಡ್ತದೆ, ಅದಕ್ಕಿಂತ ಥೋಡಾ ಕಡಿಮೆ ತಿನ್ಬೇಕು. ಥೋಡಾ. ಕಡಿಮೆ ಬಿದ್ದದ್ದನ್ನು ಶರೀರ ಕೊಬ್ಬಿನಿಂದ ತೆಗೀತದೆ. ಈಗ ಹೇಳಿ, ರಾತ್ರಿ ಏನು ತಿಂತೀರಿ?"

"ಇನ್ನು ರಾತ್ರಿ ಊಟವೇ ಇಲ್ಲ. ದಿನಾ ಒಪ್ಪತ್ತು. ರಾತ್ರಿ ಬರೀ ಫಲಾಹಾರ" ಎಂದರು ದೇವಾಡಿಗರು, ಸಿಂಹಾಸನ ತ್ಯಜಿಸಿದ ರಾಜನ ಧ್ವನಿಯಲ್ಲಿ.

ಪ್ರೇಕ್ಷಾಳ ಕಿವಿಗೆ ಬಿದ್ದದ್ದು ಫಲ ಮತ್ತು ಆಹಾರ. ಒಂದು ಸೇಬು, ನಾಲ್ಕು ಹೋಳು ಪಪ್ಪಾಯಿ ಎಂದು ಲೆಕ್ಕ ಹಿಡಿದಳು. ರಾತ್ರಿ ಹಣ್ಣು ಸಾಕಾಗುವುದಿಲ್ಲ, ಮೊಟ್ಟೆಯನ್ನೋ ಮೊಸರನ್ನೋ ಸೇರಿಸಿ ಎಂದಳು. ದೇವಾಡಿಗರು ವಿಧೇಯರಾಗಿ ಅದನ್ನೂ ಸೇರಿಸಿದರು.

ಒಂದು ತಿಂಗಳಾಯಿತು. ತಕ್ಕಡಿಯ ಮುಳ್ಳು ಅಲುಗಲಿಲ್ಲ. ಇನ್ನೊಂದು ತಿಂಗಳಾಯಿತು, ಅರ್ಧ ಕಿಲೋ ಮೇಲಕ್ಕೇ ಹೋಯಿತು. ಪ್ರೇಕ್ಷಾ ಥೈರಾಯ್ಡ್ ಪರೀಕ್ಷೆ ಮಾಡಿಸಿದಳು, ಅದರಲ್ಲಿ ಏನೂ ಇರಲಿಲ್ಲ. ತಮ್ಮ ದೇಹ ವಿಜ್ಞಾನಕ್ಕೇ ಸವಾಲು ಹಾಕಿದೆಯೆಂದು ದೇವಾಡಿಗರು ಹೋಟೆಲಿನಲ್ಲಿ ಸಾರಿದರು. ದೀಪಾವಳಿ ಕಳೆದ ಮೇಲೆ ನಳಿನಾಕ್ಷಿ ಗಂಡನ ಜೊತೆ ತಾವೇ ಹೋದರು.

"ಮಗಾ, ಇವರು ರಾತ್ರಿ ಎಂತ ತಿಂತಾರೆ ಅಂತ ಬರ್ದಿದ್ದಿ?"

"ಫಲಾಹಾರ. ಫ್ರೂಟ್ಸ್."

ನಳಿನಾಕ್ಷಿ ನಗಲು ಶುರುಮಾಡಿದವರು ಕೆಮ್ಮು ಬರುವವರೆಗೂ ನಿಲ್ಲಿಸಲಿಲ್ಲ. "ಅಯ್ಯೋ ದೇವರೆ! ನಮ್ಮಲ್ಲಿ ಊಟ ಅಂದ್ರೆ ಅನ್ನ. ಅನ್ನ ಅಲ್ಲದ್ದು ಏನು ತಿಂದ್ರೂ ಫಲಾಹಾರ. ನೀರುದೋಸೆ ಎಂಟು, ಬೆಲ್ಲ ತೆಂಗಿನಕಾಯಿ ಒಂದು ಬಟ್ಟಲು. ನಾಳೆ ಶ್ಯಾವಿಗೆ, ಅದಕ್ಕೆ ಕಾಯಿಹಾಲು. ನಾಡಿದ್ದು ಒಗ್ಗರಣೆ ಅವಲಕ್ಕಿ. ಅದರ ಮೇಲೆ ನಿನ್ನ ಎರಡು ಮೊಟ್ಟೆ!"

ಪ್ರೇಕ್ಷಾ ಹಣೆಗೆ ಕೈ ಹಚ್ಚಿಕೊಂಡಳು. "ಅಂಕಲ್, ಇದು ಊಟಕ್ಕಿಂತ ಜಾಸ್ತಿ ಇದೆ."

"ಆದ್ರೆ ಊಟ ಅಲ್ಲವಲ್ಲ" ಎಂದರು ದೇವಾಡಿಗರು. ಅವರು ಸುಳ್ಳು ಹೇಳಿರಲಿಲ್ಲ. ತಲೆಮಾರುಗಳಿಂದ ಅವರ ಮನೆಯ ಶನಿವಾರಗಳು ಹಾಗೆಯೇ ಉಪವಾಸವಿದ್ದವು.

ಆದರೂ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಭಯವಾಯಿತು, ಏಕೆಂದರೆ ಹೆಂಡತಿಯ ಕಾಲು ಊದುತ್ತಿತ್ತು. ಹೋದ ಎರಡು ತಿಂಗಳನ್ನು ಒಂದೇ ತಿಂಗಳಲ್ಲಿ ವಾಪಸು ತರುತ್ತೇನೆಂದು ದೇವಾಡಿಗರು ಯಾರಿಗೂ ಹೇಳದೆ ಭೀಷ್ಮ ಪ್ರತಿಜ್ಞೆ ಮಾಡಿದರು. ಹೊತ್ತಿಗೊಂದು ಲೋಟ ಗಂಜಿ ತಿಳಿ, ಸಂಜೆ ಕಷಾಯ, ಅಷ್ಟೇ. ತೂಕ ದಡದಡನೆ ಇಳಿಯಿತು. ಜೊತೆಗೆ ದೇವಾಡಿಗರೂ ಇಳಿದರು. ಮಧ್ಯಾಹ್ನ ಗಲ್ಲೆಯ ಮೇಲೆಯೇ ತೂಕಡಿಕೆ, ಚಿಲ್ಲರೆ ತಪ್ಪು, ಗಿರಾಕಿಗಳ ಮೇಲೆ ಸಿಡುಕು. ಒಂದು ಬೆಳಿಗ್ಗೆ ಇಡ್ಲಿ ಹಿಟ್ಟಿನ ಡಬ್ಬ ಎತ್ತಲು ಹೋಗಿ ಅದನ್ನು ತಬ್ಬಿಕೊಂಡೇ ನೆಲಕ್ಕೆ ಕೂತರು. ಗ್ರೈಂಡರ್ ನೋಡಿಕೊಳ್ಳುತ್ತಿದ್ದ ರಾಯಚೂರಿನ ಹುಲಗಪ್ಪ ಓಡಿಬಂದ.

"ಏನ್ರಿ ಸೇಠ್, ಮೊನ್ನಿ ತನಕ ಒಂದೇ ಕೈಲೆ ಎತ್ತತಿದ್ರಿ! ಹೊಟ್ಟಿ ಹಂಗೇ ಐತಿ, ರಟ್ಟಿ ಎಲ್ಲಿ ಹೋತ್ರಿ?"

ಪ್ರೇಕ್ಷಾ ಹೇಳಿದ್ದೂ ಅದೇ, ಸ್ವಲ್ಪ ಉದ್ದವಾಗಿ. "ನಿಮ್ಮ ಹೋಟೆಲಿಗೆ ಗ್ಯಾಸ್ ಪೂರಾ ಬಂದ್ ಮಾಡಿದ್ರೆ ಏನಾಗ್ತದೆ? ಬೆಂಚು ಮುರಿದು ಒಲೆಗೆ ಹಾಕ್ತೀರಿ. ಶರೀರವೂ ಹಾಗೇ. ತಿನ್ನೋದು ತುಂಬಾ ಕಡಿಮೆ, ಅದರಲ್ಲಿ ಪ್ರೋಟೀನ್ ಇಲ್ಲ, ಸ್ನಾಯುಗಳಿಗೆ ಕೆಲಸ ಇಲ್ಲ. ಹಾಗಾದಾಗ ಕೊಬ್ಬಿನ ಜೊತೆ ಸ್ನಾಯುವನ್ನೂ ಸುಡ್ತದೆ. ಇಳಿದದ್ರಲ್ಲಿ ಸುಮಾರು ಪಾಲು ಬರೀ ನೀರು. ಹೀಗೆ ಸೋತುಹೋದವರ ಕಿಡ್ನಿ ಯಾವ ಸರ್ಜನ್ನೂ ಮುಟ್ಟೋದಿಲ್ಲ, ಅಂಕಲ್."

"ಬೇಗ ಆಗುವ ದಾರಿ ಇಲ್ವಾ?"

"ಇಲ್ಲ. ವಾರಕ್ಕೆ ಅರ್ಧ ಕಿಲೋ. ಅಷ್ಟೇ."

ಹೀಗೆ, ಚಳಿಗಾಲದ ನಡುವೆ, ನಿಜವಾದ ಯುದ್ಧ ಶುರುವಾಯಿತು. ಅದರಲ್ಲಿ ವೀರಾವೇಶಕ್ಕೆ ಜಾಗವೇ ಇರಲಿಲ್ಲ. ಮೊದಲು ಒಂದು ವಾರ ತಿನ್ನುವುದನ್ನೆಲ್ಲ ಸುಮ್ಮನೆ ಅಳೆದು ನೋಡಿದರು. ಆಮೇಲೆ ಅದರಲ್ಲಿ ಐದನೇ ಒಂದು ಪಾಲು ತೆಗೆದರು. ಪ್ರತಿ ಹೊತ್ತಿಗೂ ಮೊದಲು ಮೊಟ್ಟೆ, ಬಂಗುಡೆ ಮೀನು, ಮೊಳಕೆ ಹೆಸರು, ಇಲ್ಲವೇ ಮೊಸರು. ಆಮೇಲೆ ಪಲ್ಯ. ಕೊನೆಗೆ ಒಂದು ಸಣ್ಣ ಬಟ್ಟಲು ಅನ್ನ. ಎಣ್ಣೆ ಚಮಚದಲ್ಲಿ, ಕಾಯಿತುರಿ ಮೊದಲಿನ ಅರ್ಧ. ಬೆಳಿಗ್ಗೆ ನಡಿಗೆ. ವಾರಕ್ಕೆ ಮೂರು ದಿನ ಕುರ್ಚಿಯಿಂದ ಏಳುವುದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ಅಕ್ಕಿ ತುಂಬಿದ ಚೀಲ ಎತ್ತುವುದು. ಎತ್ತುವುದು ಸಲೀಸಾದಾಗ ಚೀಲಕ್ಕೆ ಇನ್ನಷ್ಟು ಅಕ್ಕಿ. ಹೋಟೆಲ್ ಬಾಗಿಲು ಹಾಕುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ಹೊತ್ತಿಗೆ ಸರಿಯಾಗಿ ನಿದ್ದೆ.

ಆ ಮನೆಯ ಅಡುಗೆಕೋಣೆ ಒಂದು ನ್ಯಾಯಾಲಯವಾಯಿತು. ಕಿಡ್ನಿ ನೀರು ಹೊರಹಾಕದ್ದರಿಂದ ನಳಿನಾಕ್ಷಿಗೆ ದಿನದ ನೀರು ಅಳತೆಯಲ್ಲಿ, ಗಂಡನಿಗೆ ಎಣ್ಣೆ ಅಳತೆಯಲ್ಲಿ. ಹೆಂಡತಿ ಬಾಯಾರಿ ನಲ್ಲಿಯ ಕಡೆ ನೋಡಿದರೆ ಗಂಡ ಗದರುತ್ತಿದ್ದರು. ಗಂಡ ಚಕ್ಕುಲಿ ಡಬ್ಬದ ಕಡೆ ನೋಡಿದರೆ ಹೆಂಡತಿ.

"ಆ ಡಬ್ಬದಲ್ಲಿ ಎಂತ ಹುಡುಕ್ತಿದ್ದೀರಿ?"

"ಸುಮ್ಮನೆ. ಇದೆಯಾ ಅಂತ ನೋಡಿದೆ."

"ಇದೆ. ನನ್ನ ಕಿಡ್ನಿಗೆ ಎಣ್ಣೆ ತಾಗಿಸ್ಬೇಡಿ."

ನನ್ನ ಕಿಡ್ನಿ ಎಂದೇ ಅವರು ಹೇಳುತ್ತಿದ್ದದ್ದು. ಗಂಡ ಅಕ್ಕಿ ಚೀಲ ಎತ್ತುವಾಗ ಮಂಚದ ಮೇಲೆ ಕೂತು, "ಮೆಲ್ಲ, ಮೆಲ್ಲ, ನನ್ನದು ಒಳಗಿದೆ" ಎನ್ನುತ್ತಿದ್ದರು. ದೇವಾಡಿಗರು ಆಗ ಬಸುರಿಯಂತೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದರು.

ಒಂದು ವಾರ ತೂಕ ಇಳಿಯದೆ ನಿಂತಿತು. ದೇವಾಡಿಗರು ಮತ್ತೆ ಗಂಜಿ ತಿಳಿಯ ಕಡೆ ಕಣ್ಣು ಹಾಯಿಸಿದರು. ಪ್ರೇಕ್ಷಾ ಅವರ ಸೊಂಟ ಅಳೆದು ನೋಡಿದಳು. ಬೆಲ್ಟು ಒಂದು ತೂತು ಒಳಗೆ ಬಂದಿತ್ತು, ಎತ್ತುವ ಚೀಲ ಭಾರವಾಗಿತ್ತು. "ನೀರು ಹೆಚ್ಚು ಕಡಿಮೆ ಆಗ್ತಾ ಇರ್ತದೆ, ಅಂಕಲ್. ಒಂದು ದಿನದ ನಂಬರ್ ನೋಡಿ ಅಳ್ಬೇಡಿ, ಮೂರು ನಾಲ್ಕು ವಾರದ್ದು ನೋಡಿ." ಅವರು ತುಂಬಾ ದಣಿದಂತೆ ಕಂಡಾಗ ಒಂದು ವಾರ ಕಡಿತವೇ ಬೇಡ, ಶರೀರದ ಖರ್ಚಿನಷ್ಟೇ ತಿನ್ನಿ ಎಂದಳು. ಆ ವಾರ ಅವರು ಹಾಡಿಕೊಂಡು ತಿರುಗಿದರು.

ಮಳೆಗಾಲದ ನಡುವೆ ತಕ್ಕಡಿ ಎಂಬತ್ತೆರಡು ತೋರಿಸಿತು. ಡಾಕ್ಟರು ಕೈಕುಲುಕಿದರು. ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿದರು, ಎಲ್ಲವೂ ಸರಿ ಬಂದವು. ಕಾಗದಪತ್ರ ಅಂಗದಾನಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಹೋಯಿತು. ದೇವಾಡಿಗರು ಹೊಸ ಪ್ಯಾಂಟು ಹೊಲಿಸಿದರು. ಹಳೆಯ ಪ್ಯಾಂಟಿನೊಳಗೆ ತಾವೂ ಹೆಂಡತಿಯೂ ಒಟ್ಟಿಗೆ ನಿಲ್ಲಬಹುದೆಂದು ಹೇಳಿ ಒಂದು ಹೊಡೆತವನ್ನೂ ತಿಂದರು.

ಅದೇ ವಾರ ನಳಿನಾಕ್ಷಿಗೆ ಚಳಿಜ್ವರ ಬಂತು. ಡಯಾಲಿಸಿಸ್ ನಳಿಗೆಯ ದಾರಿಯಿಂದ ಸೋಂಕು ರಕ್ತಕ್ಕೆ ಸೇರಿತ್ತು. ಇಂಥ ರೋಗಿಗಳಿಗೆ ಹೀಗಾಗುವುದುಂಟು, ಎಲ್ಲ ಮದ್ದೂ ಕೊಡುತ್ತಿದ್ದೇವೆ ಎಂದರು ಡಾಕ್ಟರು. ಕೊನೆಯ ಸಲ ಎಚ್ಚರವಿದ್ದಾಗ ನಳಿನಾಕ್ಷಿ ಗಂಡನ ತೋಳು ಹಿಡಿದು ನೋಡಿದರು.

"ಗಟ್ಟಿ ಆಗಿದೆ."

"ನಿನಗೋಸ್ಕರವೇ."

"ಗೊತ್ತುಂಟು ಮಾರಾಯ್ರೆ."

ಮರುದಿನ ಮಧ್ಯಾಹ್ನ ಅವರು ತೀರಿಹೋದರು.

ದುಃಖ ವಿಚಾರಿಸಲು ಡೊಂಬಿವಲಿಯಿಂದ, ಕಲ್ಯಾಣದಿಂದ ನೆಂಟರು ಬಂದರು. ಬಂದ ಹೆಂಗಸರೆಲ್ಲ ದೇವಾಡಿಗರನ್ನು ನೋಡಿ ಬಾಯಿಗೆ ಸೆರಗು ಹಿಡಿದರು. "ಅಯ್ಯೋ ಪಾಪ, ಹೆಂಡತಿ ಹೋದ ದುಃಖದಲ್ಲಿ ಎಷ್ಟು ಇಳಿದು ಹೋಗಿದ್ದಾರೆ ನೋಡಿ!"

ಮೊದಲ ದಿನ ಅವರು ಎಲ್ಲರನ್ನೂ ತಿದ್ದಿದರು. "ಇಲ್ಲ ಇಲ್ಲ, ಇದು ಅವಳಿದ್ದಾಗಲೇ ಇಳಿದದ್ದು. ಅವಳೇ ಇಳಿಸಿದ್ದು." ಎರಡನೆಯ ದಿನದಿಂದ ತಿದ್ದುವುದನ್ನು ಬಿಟ್ಟರು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಹೊಸ ಪ್ಯಾಂಟು ಹಾಕಿಕೊಂಡು ಪ್ರೇಕ್ಷಾಳ ಮುಂದೆ ಬಂದು ಕೂತರು. ಕುರ್ಚಿ ಸದ್ದು ಮಾಡಲಿಲ್ಲ.

"ಒಂದು ಕೇಳ್ತೇನೆ ಮಗಾ. ನಾನು ದೋಸೆ ತಿಂದುಕೊಂಡು, ಗಂಜಿ ಕುಡಿದುಕೊಂಡು ಮೂರು ತಿಂಗಳು ಹಾಳು ಮಾಡಿದೆ ಅಲ್ವಾ. ಆಪರೇಷನ್ ಆ ಮೂರು ತಿಂಗಳು ಮೊದಲೇ ಆಗಿದ್ರೆ ಅವಳು ಇರ್ತಿದ್ಳಾ?"

ಅದರಲ್ಲಿ ಅರ್ಧ ತಪ್ಪು ಫಲಾಹಾರವೆಂದರೆ ಹಣ್ಣೆಂದು ಬರೆದುಕೊಂಡ ಪ್ರೇಕ್ಷಾಳದ್ದೂ ಆಗಿತ್ತು. "ಗೊತ್ತಿಲ್ಲ ಅಂಕಲ್. ಇರಬಹುದಿತ್ತು. ಆಪರೇಷನ್ ಆದ ಮೇಲೂ ಸೋಂಕು ಬರಬಹುದಿತ್ತು. ನನಗೆ ನಿಜವಾಗ್ಲೂ ಗೊತ್ತಿಲ್ಲ."

ಇಲ್ಲವೆಂದು ಹೇಳಿಬಿಡಲಿ ಎಂದು ಕಾದಿದ್ದ ದೇವಾಡಿಗರು ತಲೆಯಾಡಿಸಿದರು. ಆಮೇಲೆ ಕೇಳಿದರು, "ಇದನ್ನು ಬೇರೆ ಯಾರಿಗಾದ್ರೂ ಕೊಡ್ಬಹುದಾ? ಎಲ್ಲ ಪರೀಕ್ಷೆ ಆಗಿದೆ. ತಯಾರುಂಟು."

"ಕಾನೂನು ಹತ್ತಿರದ ಸಂಬಂಧಿಕರಿಗೆ ಮಾತ್ರ ಸುಲಭ ಮಾಡಿದೆ. ಗುರುತೇ ಇಲ್ಲದವರಿಗೆ ಹೀಗೆ ಕೊಡೋದಕ್ಕೆ ಬಿಡೋದಿಲ್ಲ, ಅಂಕಲ್."

ದೇವಾಡಿಗರು ತಮ್ಮ ಎಡಪಕ್ಕೆಯ ಕೆಳಗೆ ಕೈಯಿಟ್ಟುಕೊಂಡರು. ಸರ್ಜನ್ ತೆಗೆಯುತ್ತೇನೆಂದು ಹೇಳಿದ್ದು ಅದೇ ಕಡೆಯದ್ದನ್ನು. ಮಲಗಿದ ಮಗುವಿನ ಮೇಲಿಟ್ಟಂತೆ ಕೈ ಅಲ್ಲೇ ಇತ್ತು.

"ಹಾಗಾದ್ರೆ ಅವಳದ್ದನ್ನು ನಾನೇ ನೋಡಿಕೊಳ್ಬೇಕು" ಎಂದರು. "ಹೇಳು, ಇನ್ನು ಎಷ್ಟು ತಿನ್ನಲಿ?"