ನಾಲ್ಕನೆಯ ವಾದ

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮಂಡ್ಯದ ಕೋರ್ಟಿನ ಹತ್ತಿರ ಇಪ್ಪತ್ತು ವರ್ಷದಿಂದ ವಕೀಲರ ಕಾಗದ ಟೈಪ್ ಮಾಡ್ತಿದ್ದೀನಿ. ಮೊನ್ನೆ ಲಾ ಕಾಲೇಜಿನ ಹುಡುಗಿಯೊಬ್ಬಳು ಅಣಕು ನ್ಯಾಯಾಲಯದ ಸ್ಪರ್ಧೆಗೆ ತಾನು ಬರೆದ ವಾದಪತ್ರ ತಂದಳು. ಸಂಜೆ ಐದರೊಳಗೆ ಕೊಡದಿದ್ದರೆ ಸ್ಪರ್ಧೆಯಿಂದಲೇ ಹೊರಗೆ.

ಟೈಪ್ ಮಾಡ್ತಾ ಮಾಡ್ತಾ ಕೈ ನಿಂತಿತು.

"ಅಲ್ಲ ಕಣವ್ವಾ, ಮುನ್ಸಿಪಾಲ್ಟಿಯೋರು ನೋಟಿಸೇ ಕೊಡ್ದೆ ಅಂಗಡಿ ಕೆಡವವ್ರೆ ಅನ್ನೋದೇ ನಿನ್ನ ಗಟ್ಟಿ ವಾದ. ಅದನ್ನ ನಾಕನೇದು ಮಾಡಿದ್ದೀಯಲ್ಲ! ಅದ್ರಲ್ಲೂ ಬ್ಯಾರೆ ರಾಜ್ಯದ ಹೈಕೋರ್ಟು ತೀರ್ಪು ಮೇಲೆ, ಸುಪ್ರೀಂ ಕೋರ್ಟಿಂದು ಕೆಳಗೆ."

"ನೀವು ಟೈಪ್ ಮಾಡಿ ಸಾಕು ಅಣ್ಣ. ಲಾ ಓದ್ತಿರೋದು ನಾನು."

ಮೈಯೆಲ್ಲ ಉರಿದುಹೋಯ್ತು. "ಸರಿ, ನಾನೇ ಜಡ್ಜು ಅನ್ಕೋ. ನೋಟಿಸು ಕೊಟ್ಟಿದ್ರಾ? ಹೇಳು."

ಅವಳು ಹಾಳೆ ತಿರುವಿದಳು, ತಿರುವಿದಳು. ಇಪ್ಪತ್ತೆರಡನೇ ಪುಟದಲ್ಲಿ ಉತ್ತರ ಸಿಕ್ಕಾಗ ಮುಖ ಸಪ್ಪಗಾಯಿತು.

"ಮೇಲಕ್ಕೆ ತನ್ನಿ ಅಣ್ಣ."

ವಾದವೊಂದನ್ನೇ ಎತ್ತಿಟ್ಟರೆ ಆಗುತ್ತದೆಯೇ? ಪ್ರಶ್ನೆಗಳ ಪಟ್ಟಿ, ವಾದಗಳ ಸಾರಾಂಶ, ಪರಿವಿಡಿ ಎಲ್ಲವನ್ನೂ ಅದೇ ಕ್ರಮಕ್ಕೆ ತಂದು, ಸುಪ್ರೀಂ ಕೋರ್ಟಿನ ತೀರ್ಪನ್ನು ಮೊದಲಿಟ್ಟು, ನಾಲ್ಕೂವರೆಗೆ ಪ್ರಿಂಟು ಕೊಟ್ಟೆ.

ಮೆಟ್ಟಿಲಿಳಿಯುತ್ತಲೇ ಗೆಳತಿಗೆ ಫೋನು ಮಾಡಿದಳು: "ವಾದಗಳ ಆರ್ಡರ್ ಪೂರ್ತಿ ಬದಲಾಯಿಸ್ದೆ ಕಣೇ. ನಂಗೇ ಹೊಳೀತು."

ಹೊಳೀತಂತೆ!