ತುಂಬದ ಇಪ್ಪತ್ತೆರಡು ವೃತ್ತಗಳು

ನಾನು ನಿಂತಿದ್ದದ್ದು ದೊಡ್ಡಬಳ್ಳಾಪುರದ ಒಂದು ಪರೀಕ್ಷಾ ಕೊಠಡಿಯಲ್ಲಿ, ಕಿಟಕಿ ಸಾಲಿನ ಮೂರನೇ ಬೆಂಚಿನ ಎಡಕ್ಕೆ. ಭಾನುವಾರ, ಸರಿಯಾಗಿ ಮಧ್ಯಾಹ್ನ ಹನ್ನೆರಡು. ನನ್ನೆದುರು ಪೆನ್ನು ಹಿಡಿದಿದ್ದ ತೋರುಬೆರಳಿನ ತುದಿಯಲ್ಲಿ ಕೆಂಪು ಇಂಕಿನ ಕಲೆ. ನನಗೆ ಅಕ್ಷರ ತಿದ್ದಿಸಿದ ಬೆರಳು ಅದು. ಆ ದಿನ ಮಿಸ್ ಅಭ್ಯರ್ಥಿ, ನಾನು ಕೊಠಡಿ ಮೇಲ್ವಿಚಾರಕ.

ದೊಡ್ಡಬೆಳವಂಗಲದ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಅವರದು ಇಪ್ಪತ್ತಾರು ವರ್ಷದ ಸೇವೆ, ಇನ್ನೇಳು ವರ್ಷ ಬಾಕಿ. ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರು ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು, ಇಲ್ಲವಾದರೆ ಕೆಲಸವಿಲ್ಲ ಎಂದು ಕೋರ್ಟಿನ ತೀರ್ಪು ಬಂದಿತ್ತು. ನೂರೈವತ್ತು ಪ್ರಶ್ನೆಗೆ ಅವರಿಗೆ ತೊಂಬತ್ತು ಬೇಕಿತ್ತು.

ಓದಲು ಹೊತ್ತೆಲ್ಲಿ? ಮೂರು ತರಗತಿಗೆ ಅವರೊಬ್ಬರೇ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮಕ್ಕಳ ಅಂಕ ಕಂಪ್ಯೂಟರಿಗೆ ಏರಿಸುವುದು; ಮೇಲೆ ಮತದಾರರ ಪಟ್ಟಿಯ ಕೆಲಸ. ಶಿಶು ಮನೋವಿಜ್ಞಾನದ ಪುಸ್ತಕವನ್ನು ಅವರು ಓದಿದ್ದು ಬಸ್ಸಿನಲ್ಲಿ. ಪರೀಕ್ಷೆಯ ಹಿಂದಿನ ದಿನ ರಜೆ ಕೇಳಿದಾಗ ಮೇಲಿನವರು, "ಎಕ್ಸಾಮ್ ನಿಮ್ ಸ್ವಂತದ್ದು ಮೇಡಂ, ಫಾರಂ ಸರ್ಕಾರದ್ದು" ಅಂದರಂತೆ. ಶನಿವಾರ ಸಂಜೆಯವರೆಗೆ ಮನೆಮನೆ ಸುತ್ತಿ ಮತದಾರರ ಫಾರಂ ತುಂಬಿಸಿದರು. ಅದಕ್ಕೆ ಮೊದಲು ಮಕ್ಕಳ ಉತ್ತರಪತ್ರಿಕೆ ತಿದ್ದಿ ಮುಗಿಸಿದ್ದರು. ಬೆರಳ ಕಲೆ ಅದರದು.

ಮೌಲ್ಯಮಾಪನದಲ್ಲಿ ಅವರದೊಂದು ನಿಯಮವಿತ್ತು: "ಎರಡು ಸಲ ನೋಡ್ದೆ ಅಂಕ ಹಾಕ್ಬಾರ್ದು ಕಣಪ್ಪ, ಮಗೂಗೆ ಮೋಸ ಆಗುತ್ತೆ." ಪರೀಕ್ಷೆಯಲ್ಲೂ ಹಾಗೇ ಮಾಡಿದರು. ಉತ್ತರಗಳಿಗೆ ಮೊದಲು ಪ್ರಶ್ನೆಪತ್ರಿಕೆಯಲ್ಲೇ ಟಿಕ್ ಹಾಕಿ, ಎರಡನೇ ಸಲ ನೋಡಿ, ಆಮೇಲೆ ಯಂತ್ರ ತಿದ್ದುವ ಓಎಂಆರ್ ಹಾಳೆಯ ವೃತ್ತ ತುಂಬಲು ಕೂತರು. ಹನ್ನೊಂದೂವರೆಗೆ ನಾನು ಪಕ್ಕದಲ್ಲಿ ಹಾದಾಗ ಹಾಳೆ ಖಾಲಿ ಇತ್ತು. ಮೇಲೆ ಕ್ಯಾಮೆರಾ ಇತ್ತು. "ಇನ್ನು ಅರ್ಧ ಗಂಟೆ" ಎಂದು ಇಡೀ ಕೊಠಡಿಗೆ ಹೇಳಿ ಮುಂದೆ ಹೋದೆ. ವೃತ್ತ ತುಂಬಿ ಎಂದೂ ಇಡೀ ಕೊಠಡಿಗೇ ಹೇಳಬಹುದಿತ್ತು. ಹೇಳಲಿಲ್ಲ.

ಗಂಟೆ ಹೊಡೆಯಿತು. ನಾನು ಕೈ ಚಾಚಿದೆ. ಅವರು ಪೆನ್ನು ಕೆಳಗಿಟ್ಟರು.

"ತಗೊಳ್ಳಪ್ಪ. ನಿನ್ ಡ್ಯೂಟಿ ನೀನ್ ಮಾಡು."

ಇಪ್ಪತ್ತೆರಡು ವೃತ್ತ ಖಾಲಿ.

ಸರಿಯುತ್ತರ ಪ್ರಕಟವಾದ ಮೇಲೆ ಅವರು ತಮ್ಮ ಪ್ರಶ್ನೆಪತ್ರಿಕೆಯನ್ನು ತಾವೇ ಕೆಂಪು ಇಂಕಿನಲ್ಲಿ ತಿದ್ದಿ, ನನಗೆ ತೋರಿಸಿದರು. ಹಾಳೆಯಲ್ಲಿ ಬಂದದ್ದು ಎಂಬತ್ತಾರು. ವೃತ್ತಕ್ಕೆ ಏರದ ಇಪ್ಪತ್ತೆರಡು ಟಿಕ್ಕುಗಳಲ್ಲಿ ಹದಿನೇಳು ಸರಿ. ಸೇರಿದ್ದರೆ ನೂರಮೂರು. ಎರಡೂ ಸಂಖ್ಯೆಗಳ ಕೆಳಗೆ ಗೆರೆ ಎಳೆದಿದ್ದರು.

ಇವರಿಗೆ ಪಾಠ ಮಾಡಲು ಅರ್ಹತೆಯಿಲ್ಲವಂತೆ. ಫಾರಂ ತುಂಬಿಸಲು, ಮೊಟ್ಟೆ ಎಣಿಸಲು ಇತ್ತು. ಅದನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಆ ಶನಿವಾರವನ್ನು ಕಿತ್ತುಕೊಂಡವರನ್ನು ಇವತ್ತಿನವರೆಗೆ ಯಾರೂ ಪ್ರಶ್ನೆ ಕೇಳಿಲ್ಲ.

ಮಿಸ್ ಮತ್ತೆ ಟಿಇಟಿಗೆ ಅರ್ಜಿ ಹಾಕಿದ್ದಾರೆ. ಈ ಸಲವೂ ಪಟ್ಟಿಯ ಕೆಲಸ ಅವರಿಗೇ ಬಂದಿದೆ.

ಅಂದು ನೋಡಿದವರು ನಾನಲ್ಲದೆ ಇನ್ನಿಬ್ಬರಿದ್ದಾರೆ: ಹಿಂದಿನ ಬೆಂಚಿನಲ್ಲಿದ್ದ ನೆಲಮಂಗಲದ ಬಾಣಂತಿ ಟೀಚರ್, ಬಾಗಿಲಲ್ಲಿ ನೀರಿಟ್ಟುಕೊಂಡು ನಿಂತಿದ್ದ ಆಯಾ. ಯಾರಾದರೂ ಕೇಳಿದರೆ ಅವರು ಹೇಳುತ್ತಾರೆ: ಹಾಳೆಯನ್ನು ಮಿಸ್ ತಾವೇ ಎತ್ತಿ ಕೊಟ್ಟರು, ಖಾಲಿ ವೃತ್ತ ನೋಡಿಯೂ ನಾನು ತೆಗೆದುಕೊಂಡೆ.