ಕೊಟೇಶನ್ನಿನಲ್ಲಿ ಇಲ್ಲದ ಕಟ್ಟೆ

ಖಾಲಿ ಮನೆಗಳಲ್ಲಿ ಕೂತು ಹಗಲುಗನಸು ಕಾಣುವುದೇ ನನ್ನ ಕಸುಬು ಎಂದು ಮನೆಯವರು ಹಾಸ್ಯ ಮಾಡುತ್ತಾರೆ. ಪೂರ್ತಿ ಸುಳ್ಳೇನಲ್ಲ. ಫ್ಲಾಟುಗಳ ಒಳಗೆಲಸ ಮಾಡಿಸಿಕೊಡುವ ಸಣ್ಣ ಕಂತ್ರಾಟುದಾರಳು ನಾನು. ಅಡುಗೆಮನೆ, ಕಪಾಟು, ವೈರಿಂಗು, ಬಣ್ಣ. ಡೊಂಬಿವಲಿಯಿಂದ ಹೊರಟು ಠಾಣೆಯಲ್ಲಿ ರೈಲು ಬದಲಿಸಿ, ಪನ್ವೇಲ್ ಕಡೆಯ ಗಾಡಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತೆಂದರೆ ಆ ದಿನದ ಅರ್ಧ ಕೆಲಸ ಅಲ್ಲೇ ಆಗಿಬಿಡುತ್ತದೆ. ಖಾಡಿಯ ಹಿನ್ನೀರು, ಉಪ್ಪಿನ ಗಾಳಿ, ಅರ್ಧ ಎದ್ದ ಕಟ್ಟಡಗಳು ಹಿಂದೆ ಸರಿಯುತ್ತಿರುವಾಗ ನಾನು ಯಾರದೋ ಹಾಲ್‌ನಲ್ಲಿ ಯಾರದೋ ಸೋಫಾ ಸರಿಸುತ್ತಿರುತ್ತೇನೆ.

ಪನ್ವೇಲ್ ಹತ್ತಿರದ ಕಾಮೋಠೆಯ ಆ ಐದನೇ ಮಹಡಿಯ ಮನೆ ಕನಸಿಗೆಂದೇ ಕಟ್ಟಿಸಿದಂತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಹಾಲ್‌ನ ಕಿಟಕಿಯಿಂದ ಬಿಸಿಲು ಇಳಿದು ಬಂದು ಸಿಮೆಂಟ್ ಧೂಳಿನಲ್ಲಿ ತೇಲುತ್ತ ನಿಲ್ಲುತ್ತಿತ್ತು. ದೂರದಲ್ಲಿ ಗುಡ್ಡಗಳು ಇವೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ ಕಾಣುತ್ತಿದ್ದವು. ಮನೆಯ ಒಡತಿ ವಿಜಯಪುರದ ಕಡೆಯವರು. ಕಲ್ಯಾಣದಲ್ಲಿ ಬಹಳ ವರ್ಷಗಳಿಂದ ಖಾನಾವಳಿ ನಡೆಸಿ, ಹಮಾಲರಿಗೂ ಫ್ಯಾಕ್ಟರಿಯವರಿಗೂ ಜೋಳದ ರೊಟ್ಟಿ ಬಡಿದು ಹಾಕಿ, ಈ ಮನೆ ಕೊಂಡಿದ್ದರು. ಮೊದಲ ಭೇಟಿಯಲ್ಲೇ ನನ್ನನ್ನು ತಂಗಿ ಎಂದರು. ನಾನು ಅಕ್ಕ ಎಂದೆ. ಈ ಕಸುಬಿನಲ್ಲಿ ಅದು ಅಪಾಯದ ಮಾತು. ಸಾಹೇಬರ ಹತ್ತಿರ ಹಣ ಕೇಳಬಹುದು, ಅಕ್ಕನ ಹತ್ತಿರ ಕೇಳುವಾಗ ನಾಲಿಗೆ ಎಡವುತ್ತದೆ.

ನನ್ನದೊಂದು ಪದ್ಧತಿ ಇದೆ. ಕಂಪ್ಯೂಟರಿನ ಬಣ್ಣದ ಚಿತ್ರ ತೋರಿಸಿ ಜನರನ್ನು ಮರುಳು ಮಾಡುವುದು ನನಗಾಗದು. ಗೋಡೆಯ ಮೇಲೆ, ನೆಲದ ಮೇಲೆ, ನಿಜವಾದ ಅಳತೆಯಲ್ಲೇ ಚಾಕ್‌ಪೀಸಿನಿಂದ ಗೆರೆ ಹಾಕುತ್ತೇನೆ. ಗಿರಾಕಿಗಳು ಆ ಗೆರೆಗಳ ನಡುವೆ ಓಡಾಡಿ, ಇಲ್ಲಿ ಮೊಣಕೈ ತಾಗುತ್ತದೆ, ಅಲ್ಲಿ ಬಾಗಿಲು ತೆರೆಯುವುದಿಲ್ಲ ಎಂದು ತಾವೇ ಕಂಡುಕೊಳ್ಳುತ್ತಾರೆ. ಕೆಲಸಗಾರರಿಗೂ ಅದೇ ಆಜ್ಞೆ. ಚಾಕಿನಲ್ಲಿ ಇದ್ದದ್ದು ಕಟ್ಟಬೇಕು, ಇಲ್ಲದ್ದು ಕಟ್ಟಬಾರದು.

ಒಂದು ಸಂಜೆ ನಾನು ಅಡುಗೆಮನೆಯಲ್ಲಿ ನಲ್ಲಿಯ ಜಾಗ ಗುರುತು ಮಾಡುತ್ತಿದ್ದಾಗ ಅಕ್ಕ ಹಾಲ್‌ನ ಕಿಟಕಿಯ ಹತ್ತಿರ ಒಬ್ಬರೇ ನಿಂತಿದ್ದರು. ಏನು ಮಾಡುತ್ತಿದ್ದಾರೆಂದು ನಾನು ನೋಡಲಿಲ್ಲ. ಆಮೇಲೆ ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ಹಾಲ್‌ನ ಕಡೆ ಕಣ್ಣು ಹಾಯಿಸದೆ ಹೊರಟೆ.

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಕಿಟಕಿಯ ಕೆಳಗೆ ಹಗುರ ಇಟ್ಟಿಗೆಯ ಎರಡು ಸಾಲು ಎದ್ದಿತ್ತು. ಕಲಬುರಗಿಯ ಗೌಂಡಿ ಮೂರನೆಯದಕ್ಕೆ ಗಾರೆ ಕಲಸುತ್ತಿದ್ದ. ಅಕ್ಕ ಎದುರಿಗೆ ಡಬ್ಬದ ಮೇಲೆ ಕೂತು, ಮದುವೆಮನೆಯಲ್ಲಿ ಕೂತವರ ಹಾಗೆ ನೋಡುತ್ತಿದ್ದರು.

"ಇದೇನು?" ಎಂದೆ.

"ಚಾಕಿನ ಗೆರಿ ಇತ್ತಲ್ರೀ, ಅದಕ್ಕ ಕಟ್ಟಾಕತ್ತೀನ್ರೀ" ಎಂದ ಗೌಂಡಿ.

ಗೆರೆ ಇದ್ದದ್ದು ನಿಜ. ಆದರೆ ಅದು ನನ್ನ ಕೈಯದಲ್ಲ. ಅಂಕುಡೊಂಕಾಗಿ, ರೊಟ್ಟಿ ಬಡಿಯುವ ಕೈಯಿಂದ ಬಂದ ಗೆರೆ ಅದು.

"ನಾನೇ ಹಾಕೀನಿ, ತಂಗಿ" ಎಂದರು ಅಕ್ಕ. "ಕೂಡಾಕ ಒಂದು ಕಟ್ಟಿ. ನಮ್ಮ ಕಡೆ ಮನಿ ಮುಂದ ಇರತಾವಲ್ಲ, ಹಂತಾದ್ದು. ಇಲ್ಲಿ ಮನಿ ಮುಂದ ಲಿಫ್ಟ್ ಐತಿ. ಅದಕ್ಕ ಒಳಗ ತಂದೆ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಿಸಿಲು ಆ ಎರಡು ಸಾಲು ಇಟ್ಟಿಗೆಯ ಮೇಲೆ ಬಿದ್ದು, ಕಟ್ಟೆ ಆಗಲೇ ಅಲ್ಲಿ ಇತ್ತೇನೋ, ನಮಗೆ ಈಗ ಕಂಡಿತೇನೋ ಎನ್ನಿಸಿತು. ನಾನು ಮನಸ್ಸಿನಲ್ಲಿ ಅದಕ್ಕೆ ಕಡಪ ಕಲ್ಲು ಹಾಸಿದೆ, ಅಂಚು ದುಂಡಗೆ ಮಾಡಿದೆ. ಕಲ್ಲು ತಣ್ಣಗಿತ್ತು. ಆಮೇಲೆ ಎಚ್ಚರವಾಯಿತು. ಕಟ್ಟೆ ಎಂದರೆ ಬರೀ ಇಟ್ಟಿಗೆಯಲ್ಲ. ಕಿಟಕಿಯ ಕೆಳಗಿನ ಪ್ಲಗ್ ಪಾಯಿಂಟು ಬೇರೆಡೆ ಒಯ್ಯಬೇಕು. ಐದನೇ ಮಹಡಿಯಲ್ಲಿ ಕಿಟಕಿಗೆ ಒರಗಿ ಕೂರುವುದಾದರೆ ಗ್ರಿಲ್ ಗಟ್ಟಿ ಮಾಡಿಸಬೇಕು. ಗೌಂಡಿಯ ಕೂಲಿ, ಕಲ್ಲು ಕೊಯ್ಯುವವನ ಕೂಲಿ ಬೇರೆ. ಇದನ್ನೆಲ್ಲ ನಾನು ನುಂಗಿಕೊಂಡರೆ ಈ ಮನೆಯಲ್ಲಿ ನನಗೆ ಉಳಿಯುವುದು ಧೂಳು ಮಾತ್ರ.

ಗೌಂಡಿಗೆ ಚಹಾ ಕುಡಿದು ಬಾ ಎಂದು ಕಳಿಸಿದೆ. ಅಕ್ಕನ ಎದುರು ನೆಲದ ಮೇಲೆ ಕೂತೆ.

"ಅಕ್ಕ, ಒಂದು ಮಾತು ಹೇಳ್ತೇನೆ, ಬೇಜಾರ ಮಾಡ್ಬೇಡಿ. ನಾವು ಸಹಿ ಮಾಡಿದ ಕೊಟೇಶನ್‌ನಲ್ಲಿ ಈ ಕಟ್ಟೆ ಇಲ್ಲ. ಮಾಡಿಕೊಡ್ತೇನೆ, ಚಂದ ಮಾಡಿಕೊಡ್ತೇನೆ. ಆದ್ರೆ ಇದಕ್ಕೆ ಬೇರೆ ಚಾರ್ಜ್ ಆಗ್ತದೆ. ಎಷ್ಟು ಅಂತ ಬರೆದು ಕಳಿಸ್ತೇನೆ. ನೀವು ಹೂಂ ಅಂದ ಮೇಲೆ ಕೆಲಸ ಮುಂದೆ ಹೋಗುದು."

ಅಕ್ಕ ಕಿಟಕಿಯ ಕಡೆ ತಿರುಗಿದರು. "ಅಕ್ಕ ಅಂತಿ, ಮತ್ತ ಚಾರ್ಜ್ ಅಂತಿ" ಎಂದರು. ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

"ಎರಡೂ ಹೌದು ಅಕ್ಕ" ಎಂದೆ. "ಬೇಡ ಅಂದ್ರೆ ಈ ಎರಡು ಸಾಲು ಇವತ್ತೇ ತೆಗೆಸ್ತೇನೆ. ಅದಕ್ಕೆ ನಿಮ್ಮ ಹತ್ರ ಏನೂ ಕೇಳುದಿಲ್ಲ. ಅದು ನನಗೂ ಗೌಂಡಿಗೂ ಬಿಟ್ಟದ್ದು."

"ತಗಸೂದು ಬ್ಯಾಡ" ಎಂದರು. "ಕಟ್ಟಸೂದೂ ಬ್ಯಾಡ. ಇರಲಿ ಸುಮ್ಮನ." ಸೆರಗಿನಿಂದ ಮುಖ ಒರೆಸಿಕೊಂಡು ಕಲ್ಯಾಣಕ್ಕೆ ಹೊರಟುಹೋದರು.

ಅಂದೇ ಸಂಜೆ ಗಾಡಿಯಲ್ಲಿ ಕೂತು ಲೆಕ್ಕ ಬರೆದೆ. ಕಲ್ಲು, ಗ್ರಿಲ್, ಪ್ಲಗ್, ಕೂಲಿ, ಒಂದೊಂದನ್ನೂ ಬಿಡಿಸಿ. ಬಣ್ಣದವರು ಬರುವ ಮೊದಲು ಹೇಳಬೇಕು, ಆಮೇಲೆ ಮಾಡಿದರೆ ಗೋಡೆ ಕೆಡುತ್ತದೆ ಎಂದು ಕೆಳಗೆ ಸೇರಿಸಿದೆ. ಸಂಕೋಚಕ್ಕೆ ಒಂದಿಷ್ಟು ಕಡಿಮೆ ಬರೆಯಲು ಬೆರಳು ತುಡಿಯಿತು. ಹಾಗೆ ಮಾಡಿದ್ದರೆ ಮುಂದೆ ಅವರನ್ನು ನೋಡಿದಾಗಲೆಲ್ಲ ಒಳಗೊಳಗೇ ಗೊಣಗುತ್ತಿದ್ದೆ. ನನ್ನ ಗುಣ ನನಗೆ ಗೊತ್ತು. ನಿಜವಾದ ಲೆಕ್ಕವನ್ನೇ ಕಳಿಸಿದೆ.

ಉತ್ತರ ಬರಲಿಲ್ಲ. ಅಡುಗೆಮನೆ ಮುಗಿಯುತ್ತ ಬಂತು. ಆ ಎರಡು ಸಾಲು ಇಟ್ಟಿಗೆ ಕಿಟಕಿಯ ಕೆಳಗೆ ಹಾಗೇ ಇತ್ತು. ಮಧ್ಯಾಹ್ನ ನನಗೆ ಅದರ ಮೇಲೆ ಕೂರುವ ಮನಸ್ಸಾದರೂ ಕೂರಲಿಲ್ಲ. ಒಬ್ಬ ಅಕ್ಕನನ್ನು ಕಳೆದುಕೊಂಡೆನೆಂದು ಅನ್ನಿಸುತ್ತಿತ್ತು. ಅದು ನನಗೆ ನಿಜವಾಗಿ ನೋವಾದ ಸಂಗತಿ.

ಬಣ್ಣದವರು ಬರುವ ಹಿಂದಿನ ದಿನ ಫೋನ್ ಬಂತು. ಹಿಂದೆ ಪಾತ್ರೆಗಳ ಸದ್ದು.

"ಹೂಂ, ತಂಗಿ" ಎಂದರು. "ಕಟ್ಟಸು. ಮುಂಗಡ ಹಾಕೀನಿ, ನೋಡಿಕೋ." ಫೋನ್ ಇಟ್ಟರು.

ಬಣ್ಣದ ಕೆಲಸವನ್ನು ಮುಂದಕ್ಕೆ ಹಾಕಿ ಕಟ್ಟೆ ಮುಗಿಸಿದೆವು. ಅಷ್ಟು ಶ್ರದ್ಧೆಯಿಂದ ನಾನು ನನ್ನ ಮನೆಯ ಕೆಲಸವನ್ನೂ ಮಾಡಿಸಿಲ್ಲ.

ಮನೆ ಒಕ್ಕಲಾದ ಮೇಲೆ ಒಂದು ಮಧ್ಯಾಹ್ನ ಹೋದೆ. ಅಕ್ಕ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಗ್ರಿಲ್ಲಿನ ನೆರಳು ಸೀರೆಯ ಮೇಲೆ ಮೆಲ್ಲಗೆ ಜರುಗುತ್ತಿತ್ತು. ನಾನು ಏನೋ ಸಮಾಧಾನ ಹೇಳಲು ಹೊರಟೆ, ಅವರು ತಡೆದರು.

"ಅವತ್ತ ಭಾಳ ಸಿಟ್ಟ ಬಂದಿತ್ತು ನಂಗ" ಎಂದರು. "ಆಮ್ಯಾಲೆ ರೊಟ್ಟಿ ಬಡಕೋತ ವಿಚಾರ ಮಾಡಿದೆ. ಸಣ್ಣಾಕಿ ಇದ್ದಾಗಿಂದ ಬ್ಯಾರೇದವರ ಕಟ್ಟಿ ಮ್ಯಾಲ ಕುಂತಾಕಿ ನಾ. ಯಾರರ ಬಂದ್ರ ಏಳಬೇಕು. ನೀ ಪುಕ್ಸಟ್ಟೆ ಮಾಡಿಕೊಟ್ಟಿದ್ರ ಇಲ್ಲೂ ತುದೀಗೆ ಕೂಡ್ತಿದ್ದೆ, ತಂಗಿ."

ಹಾಗೆಂದು ಎರಡೂ ಕಾಲುಗಳನ್ನು ಕಲ್ಲಿನ ಉದ್ದಕ್ಕೂ ಚಾಚಿದರು. ಸ್ವಲ್ಪ ಹೊತ್ತಿಗೆ ಬಾಗಿಲ ಗಂಟೆಯ ಸದ್ದಾಯಿತು. ಅಕ್ಕ ಏಳಲಿಲ್ಲ. ನಾನೇ ಹೋಗಿ ತೆಗೆದೆ.